ಹತ್ತನೇ ಕ್ಲಾಸಿನ ಪ್ರಾಜೆಕ್ಟ್: ಎಲೆಕ್ಟ್ರಿಷಿಯನ್ ಕೋರ್ಸ್ ಒಂದು ಕಡೆ, ಮಂಡ್ಯದ ಕೆಲಸ ಇನ್ನೊಂದು ಕಡೆ

(ಮಂಡ್ಯದಲ್ಲಿ ಪ್ರೌಢಶಾಲೆ ಮಕ್ಕಳು, ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುತ್ತಿದ್ದವನು. ನಿವೃತ್ತಿ ಆದ ಮೇಲೆ ಹತ್ತನೇ ಕ್ಲಾಸಿನ ಮಕ್ಕಳ ಪ್ರಾಜೆಕ್ಟ್ ನೋಡಿಕೊಡಿ ಎಂದು ಶಾಲೆಯವರು ಕರೆಯುತ್ತಾರೆ, ಸಂತೋಷದಿಂದ ಹೋಗುತ್ತೇನೆ. ಒಂದು ಶಾಲೆಯಲ್ಲಿ ಮೇಜಿನ ಮೇಲೆ ಹದಿನೈದು ಪ್ರಾಜೆಕ್ಟ್ ಇದ್ದವು. ಅದರಲ್ಲಿ ಆರಕ್ಕೆ ಒಂದೇ ಹೆಸರು: ‘ವೃತ್ತಿ ಶಿಕ್ಷಣ ಮತ್ತು ಉದ್ಯೋಗಾವಕಾಶಗಳು’. ಒಳಗಿನ ಪುಟಗಳೂ ಹೆಚ್ಚು ಕಡಿಮೆ ಒಂದೇ. ಬರೆದ ಮಕ್ಕಳಲ್ಲಿ ಒಬ್ಬ ಹುಡುಗನನ್ನು ಕೇಳಿದೆ, ‘ಐಟಿಐಗೆ ಸೇರ್ತೀಯೇನಪ್ಪ?’ ಅಂತ. ‘ಗೊತ್ತಿಲ್ಲ ಸಾರ್, ಮನೇಲಿ ಪಿಯುಸಿ ಅಂತಾರೆ’ ಅಂದ. ಅವನು ಮೂವತ್ತು ಪುಟ ಬರೆದಿದ್ದ. ಆದರೆ ಅವನ ಮುಂದಿರುವ ಪ್ರಶ್ನೆಗೆ ಅದರಲ್ಲಿ ಒಂದು ಸಾಲಿನ ಉತ್ತರವೂ ಇರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಅದಕ್ಕೇ ಇವತ್ತು ಹತ್ತು ಟಾಪಿಕ್ ಹೇಳುವುದಿಲ್ಲ. ಒಂದೇ ಟಾಪಿಕ್ ತೆಗೆದುಕೊಂಡು, ಅದನ್ನು ಮೊದಲಿಂದ ಕೊನೆವರೆಗೆ ಹೇಗೆ ಮಾಡಬೇಕು ಎಂದು ಹೇಳುತ್ತೇನೆ. ಟಾಪಿಕ್ ಇದು: ‘ನಮ್ಮ ಊರಿನ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ ಕಲಿಸುವ ಕೆಲಸ ಮತ್ತು ಮಂಡ್ಯ ಪೇಟೆಯಲ್ಲಿ ಎಲೆಕ್ಟ್ರಿಷಿಯನ್‌ಗೆ ಸಿಗುವ ಕೆಲಸ’. ಒಂದು ಕೋರ್ಸ್, ಒಂದು ಊರು. ಸೈಕಲ್ಲಿನಲ್ಲಿ ಓಡಾಡಿ ಮುಗಿಸುವಷ್ಟು ಜಾಗ. ಇಡೀ ಜಿಲ್ಲೆ ಅಂತ ಹೊರಟರೆ ಕೆಟ್ಟಿತು. ನಾಗಮಂಗಲದ ಬೋರ್‌ವೆಲ್ ಸೀಮೆಗೂ ಮಂಡ್ಯ ಸುತ್ತಿನ ನಾಲೆ ಬಯಲಿಗೂ ಎಲೆಕ್ಟ್ರಿಷಿಯನ್ ಕೆಲಸವೇ ಬೇರೆ ಬೇರೆ.

ಮೊದಲು ಕೋರ್ಸ್ ಏನು ಅಂತ ನೋಡೋಣ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು. ಗಣಿತ, ವಿಜ್ಞಾನ ಇರುವ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಒಂದು ಯೂನಿಟ್ ಎಂದರೆ 20 ಸೀಟು. ಮನೆ ವೈರಿಂಗ್, ಅರ್ಥಿಂಗ್, ಟ್ರಾನ್ಸ್‌ಫಾರ್ಮರ್, ಮೋಟಾರ್ ವೈಂಡಿಂಗ್, ಸ್ಟಾರ್ಟರ್, ಕಂಟ್ರೋಲ್ ಪ್ಯಾನೆಲ್, ಇನ್ವರ್ಟರ್, ಸೋಲಾರ್ ಎಲ್ಲವೂ ಪಠ್ಯದಲ್ಲಿ ಇವೆ. ಕೊನೆಗೆ ದೇಶಕ್ಕೆಲ್ಲ ಒಂದೇ ಆದ ಟ್ರೇಡ್ ಪರೀಕ್ಷೆ. ಪಾಸಾದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. ಈ ವಿವರ ಪಕ್ಕಕ್ಕೆ ಇಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಈಗ ಇನ್ನೊಂದು ಕಡೆ, ಕೆಲಸ. ಮಕ್ಕಳು ಮೊದಲ ತಪ್ಪು ಮಾಡುವುದು ಇಲ್ಲೇ. ‘ಎಲೆಕ್ಟ್ರಿಷಿಯನ್’ ಅನ್ನುವುದು ಒಂದು ಕೆಲಸ ಅಂದುಕೊಳ್ಳುತ್ತಾರೆ. ಸರ್ಕಾರದವರು ಉದ್ಯೋಗಗಳಿಗೆಲ್ಲ ನಂಬರ್ ಕೊಟ್ಟು ಒಂದು ಪಟ್ಟಿ ಮಾಡಿದ್ದಾರೆ, ರಾಷ್ಟ್ರೀಯ ಉದ್ಯೋಗ ವರ್ಗೀಕರಣ 2015 ಅಂತ. ಅದರಲ್ಲಿ ನಮ್ಮ ಕೆಲಸ ಮೂರು ಕಡೆ ಬರುತ್ತದೆ. 7411 ಎಂದರೆ ಕಟ್ಟಡದ ವೈರಿಂಗ್ ಮಾಡುವವರು. 7412 ಎಂದರೆ ಮೋಟಾರ್, ಪ್ಯಾನೆಲ್, ಯಂತ್ರ ರಿಪೇರಿ ಮಾಡುವವರು. 7413 ಎಂದರೆ ಕಂಬ, ಲೈನ್ ಕೆಲಸದವರು. ಕೋರ್ಸ್ ಒಂದೇ, ಆದರೆ ಕೆಲಸ ಕೊಡುವ ಬಾಗಿಲು ಮೂರು. ನಿಮ್ಮ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಈ ಮೂರನ್ನು ಬೇರೆ ಮಾಡಿ ಬರೆದರೆ, ಅರ್ಧ ಕೆಲಸ ಮುಗಿದ ಹಾಗೆ.

ಲೈನ್ ಕೆಲಸದ ಬಗ್ಗೆ ಒಂದು ಮಾತು. ಎಷ್ಟೋ ತಂದೆ ತಾಯಿ ‘ಐಟಿಐ ಮಾಡಿಸಿದರೆ ಕೆಇಬಿಗೆ ಸೇರಬಹುದು’ ಎಂದುಕೊಂಡು ಮಕ್ಕಳನ್ನು ಕಳಿಸುತ್ತಾರೆ. ಈಗ ನಮ್ಮ ಕಡೆ ಅದು ಸೆಸ್ಕ್, ಆದರೂ ಬಾಯಲ್ಲಿ ಕೆಇಬಿಯೇ. 2024ರಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಅರ್ಜಿ ಕರೆದಾಗ ಕೇಳಿದ್ದು ಎಸ್ಸೆಸ್ಸೆಲ್ಸಿ. ಐಟಿಐ ಕಡ್ಡಾಯ ಇರಲಿಲ್ಲ. 8 ಮೀಟರ್ ಕಂಬ ಹತ್ತುವ ಪರೀಕ್ಷೆ ಇತ್ತು, ಓಟ ಇತ್ತು. ಕೋರ್ಸಿನ ಹೆಸರಿಗೂ ಹುದ್ದೆಗೂ ಇರುವ ನಂಟನ್ನು ಅಧಿಸೂಚನೆ ಓದಿಯೇ ತಿಳಿಯಬೇಕು, ಯಾರೋ ಹೇಳಿದ್ದನ್ನು ಬರೆಯಬಾರದು. ಹಾಗಾಗಿ ಪ್ರಾಜೆಕ್ಟಿನಲ್ಲಿ ಈ ಬಾಗಿಲಿಗೆ ಒಂದು ಪ್ಯಾರಾ ಸಾಕು. ಮಂಡ್ಯ ಪೇಟೆಯಲ್ಲಿ ನಿಮ್ಮ ಕಾಲಿಗೆ, ಕಣ್ಣಿಗೆ ಸಿಗುವುದು ಉಳಿದ ಎರಡು.

ಅದರಲ್ಲೂ ಮೋಟಾರ್ ವೈಂಡಿಂಗ್ ಅಂಗಡಿ. ನಾನು ಐದು ಜನ ಮಕ್ಕಳ ಒಂದು ಗುಂಪನ್ನು ಅಂಥ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಗುತ್ತಲು ರಸ್ತೆ ಕಡೆಯ ಪುಟ್ಟ ಅಂಗಡಿ. ಬಾಗಿಲಲ್ಲೇ ಸುಟ್ಟ ವಾರ್ನಿಷ್ ವಾಸನೆ. ಒಬ್ಬ ಹುಡುಗ ನೆಲದ ಮೇಲೆ ಕೂತು, ಕಾಲ ಸಂದಿಯಲ್ಲಿ 5 ಎಚ್‌ಪಿ ಮೋಟಾರಿನ ಸ್ಟೇಟರ್, ಅಂದರೆ ತಂತಿ ಸುತ್ತಿದ ತಿರುಗದ ಭಾಗ, ಇಟ್ಟುಕೊಂಡು, ಕಪ್ಪಾದ ತಂತಿಯನ್ನು ಉಳಿಯಿಂದ ಕತ್ತರಿಸಿ ತೆಗೆಯುತ್ತಿದ್ದ. ಮಾಲೀಕರು ‘ನಿಲ್ಲು’ ಅಂದರು. ಗೋಡೆಗೆ ನೇತುಹಾಕಿದ್ದ ನೋಟ್‌ಬುಕ್ ತೆಗೆದರು. ಸ್ಲಾಟ್ ಎಷ್ಟು, ಒಂದು ಕಾಯಿಲ್‌ಗೆ ಎಷ್ಟು ಸುತ್ತು, ತಂತಿ ಎಷ್ಟು ಗೇಜ್, ಒಂದನೇ ಸ್ಲಾಟಿಂದ ಹೊರಟ ಕಾಯಿಲ್ ಎಷ್ಟನೇ ಸ್ಲಾಟಿಗೆ ಇಳಿದಿದೆ, ಇಷ್ಟನ್ನೂ ಬರೆಸಿದರು. ಬರೆಯದೆ ಕತ್ತರಿಸಿಬಿಟ್ಟರೆ ಆ ಮೋಟಾರನ್ನು ಮತ್ತೆ ಸುತ್ತುವುದು ಬಲು ಕಷ್ಟ. ನಮ್ಮ ಗುಂಪಿನ ಹುಡುಗಿಯೊಬ್ಬಳು ಕೇಳಿದಳು, ‘ಅಣ್ಣ, ಇದು ಯಾಕೆ ಸುಟ್ಟೋಯ್ತು?’ ಅವರು ಸ್ಟೇಟರನ್ನು ಅವಳ ಕಡೆ ತಿರುಗಿಸಿದರು. ಕೆಲವು ಕಾಯಿಲ್ ಕಪ್ಪಗಿದ್ದವು, ಮಧ್ಯೆ ಮಧ್ಯೆ ಕೆಲವು ಇನ್ನೂ ಹೊಳೆಯುತ್ತಿದ್ದವು. ‘ನೋಡವ್ವ, ಮೂರು ಫೇಸಲ್ಲಿ ಒಂದು ಹೋಗೈತೆ. ಉಳಿದ ಎರಡರ ಮೇಲೆ ಭಾರ ಬಿದ್ದು ಬೆಂದೋಗೈತೆ’ ಅಂದರು.

ಆ ಕಾಯಿಲ್‌ಗಳನ್ನು ನೋಡಿದ ಮೇಲೆ ಮಕ್ಕಳಿಗೆ ಈ ಊರಿನ ಬೇಡಿಕೆ ಎಲ್ಲಿಂದ ಬರುತ್ತದೆ ಎಂದು ಅರ್ಥವಾಯಿತು. ರೈತರ ಪಂಪ್‌ಸೆಟ್‌ಗೆ ಮೂರು ಫೇಸ್ ಕರೆಂಟ್ ಬರುವುದು ದಿನಕ್ಕೆ ಕೆಲವೇ ಗಂಟೆ. ಆ ಹೊತ್ತಿನಲ್ಲಿ ಎಲ್ಲರ ಮೋಟಾರೂ ಒಟ್ಟಿಗೆ ಓಡುತ್ತವೆ, ವೋಲ್ಟೇಜ್ ಬೀಳುತ್ತದೆ, ಫ್ಯೂಸ್ ಹೋಗುತ್ತದೆ, ಮೋಟಾರ್ ಸುಡುತ್ತದೆ. ಬೇಸಿಗೆಯಲ್ಲಿ ಅಂಗಡಿ ಮುಂದೆ ಸಾಲು. ಮಳೆ ಹಿಡಿದು ನಾಲೆಗೆ ನೀರು ಬಿಟ್ಟರೆ ಕೆಲಸ ಇಳಿಯುತ್ತದೆ. ಅಂದರೆ ನೀವು ಏಪ್ರಿಲ್‌ನಲ್ಲಿ ಎಣಿಸಿದರೆ ಒಂದು ಉತ್ತರ, ಆಗಸ್ಟ್‌ನಲ್ಲಿ ಎಣಿಸಿದರೆ ಇನ್ನೊಂದು. ಎಣಿಸಿದ ತಿಂಗಳನ್ನು ಪ್ರಾಜೆಕ್ಟಿನಲ್ಲಿ ಬರೆಯಲೇಬೇಕು.

ಇನ್ನು ಏನು ಕೇಳಬೇಕು ಅನ್ನುವುದು. ಬಹಳ ಮಕ್ಕಳ ಪ್ರಶ್ನಾವಳಿಯಲ್ಲಿ ಮೊದಲ ಪ್ರಶ್ನೆ: ‘ನಿಮಗೆ ಕೆಲಸಗಾರರು ಬೇಕೇ?’ ಇದನ್ನು ಕೇಳಿದರೆ ಎಲ್ಲರೂ ಬೇಕು ಅಂತಲೇ ಹೇಳುತ್ತಾರೆ. ನಾವು ಹೋದ ಅಂಗಡಿಯವರೂ ಹೇಳಿದರು, ‘ಬೇಕು ಕಣಪ್ಪ, ಎಲ್ಲಿ ಸಿಕ್ತರೆ? ಬತ್ತರೆ, ಮೂರು ತಿಂಗ್ಳಿಗೆ ಓಯ್ತರೆ.’ ಅದನ್ನೇ ‘ಬೇಡಿಕೆ ಜಾಸ್ತಿ ಇದೆ’ ಎಂದು ಬರೆದುಬಿಟ್ಟರೆ ಸುಳ್ಳಾಗುತ್ತದೆ. ಕೇಳಬೇಕಾದದ್ದು ಹೀಗೆ: ‘ಹೋದ ಯುಗಾದಿಯಿಂದ ಈ ಯುಗಾದಿವರೆಗೆ ಹೊಸದಾಗಿ ಯಾರ್ಯಾರನ್ನು ಸೇರಿಸಿಕೊಂಡಿರಿ? ಅವರಲ್ಲಿ ಈಗಲೂ ಇರುವವರು ಎಷ್ಟು? ಐಟಿಐ ಮಾಡಿದವರು ಎಷ್ಟು, ಅಂಗಡಿಯಲ್ಲೇ ಕಲಿತವರು ಎಷ್ಟು? ಮೊದಲ ತಿಂಗಳು ಎಷ್ಟು ಕೊಟ್ಟಿರಿ?’ ಹನ್ನೆರಡು ತಿಂಗಳು ಅಂದರೆ ಯಾರಿಗೂ ಸರಿಯಾಗಿ ನೆನಪಾಗುವುದಿಲ್ಲ. ಹಬ್ಬದಿಂದ ಹಬ್ಬಕ್ಕೆ ಅಂದರೆ ಮುಖಗಳು ನೆನಪಿಗೆ ಬರುತ್ತವೆ.

ಯಾಕೆ ಹೊಸದಾಗಿ ಸೇರಿದವರನ್ನೇ ಎಣಿಸಬೇಕು? ನಾವು ಮಂಡ್ಯದವರು, ನಮಗೆ ಇದನ್ನು ಕನ್ನಂಬಾಡಿ ಕಟ್ಟೆಯಿಂದ ಹೇಳಿದರೆ ಸಾಕು. ಪೇಪರಿನಲ್ಲಿ ದಿನಾ ನೋಡುತ್ತೀರಲ್ವಾ? ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಅಂಗಡಿಗಳಲ್ಲಿ ಈಗ ಕೆಲಸ ಮಾಡುತ್ತಿರುವವರು ನಿಂತ ನೀರು. ವರ್ಷಕ್ಕೆ ಹೊಸದಾಗಿ ಸೇರುವವರು ಒಳಹರಿವು. ಐಟಿಐಯಿಂದ ಪ್ರತಿ ವರ್ಷ ಹೊರಗೆ ಬರುವ ಮಕ್ಕಳನ್ನು ಈ ಒಳಹರಿವಿನ ಜೊತೆಗೇ ಹೋಲಿಸಬೇಕು. ನಿಂತ ನೀರಿನ ಜೊತೆ ಹೋಲಿಸಿದರೆ ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ.

ಈ ಮಾತು ಆಡಿದ ದಿನ ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದ್ದೆ, ಇಲ್ಲಿಯೂ ಹಾಕುತ್ತೇನೆ. ಇವು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಅಂಕಿ, ಮಂಡ್ಯದ ನಿಜವಾದ ಎಣಿಕೆ ಅಲ್ಲ. ನಿಜವಾದದ್ದನ್ನು ನೀವೇ ತರಬೇಕು.

ಐದು ಮಕ್ಕಳು 30 ಕಡೆ ಹೋದರು ಎಂದುಕೊಳ್ಳಿ. ವೈಂಡಿಂಗ್ ಅಂಗಡಿ, ಪಂಪ್‌ಸೆಟ್ ಅಂಗಡಿ, ವೈರಿಂಗ್ ಕಂಟ್ರಾಕ್ಟರ್, ಒಂದೆರಡು ಅಕ್ಕಿ ಗಿರಣಿ. ಅಲ್ಲೆಲ್ಲ ಸೇರಿ ಎಲೆಕ್ಟ್ರಿಕಲ್ ಕೆಲಸದವರು 110 ಜನ ಇದ್ದಾರೆ. ಊರಿನ ಐಟಿಐನಲ್ಲಿ ಎರಡು ಯೂನಿಟ್, ಅಂದರೆ 40 ಸೀಟು. 110 ಕೆಲಸಕ್ಕೆ 40 ಸೀಟು, ಇನ್ನೂ 70 ಜನ ಬೇಕು! ಎಷ್ಟೋ ಪ್ರಾಜೆಕ್ಟ್ ಇಲ್ಲಿಗೇ ಮುಗಿಯುತ್ತವೆ. ಇದು ತಪ್ಪು.

ಈಗ ಒಳಹರಿವು ಕೇಳೋಣ. ಯುಗಾದಿಯಿಂದ ಯುಗಾದಿಗೆ ಹೊಸದಾಗಿ ಸೇರಿದವರು 14. ಆದರೆ ಒಂದು ಅಂಗಡಿಯವರು ಒಂದೇ ಜಾಗಕ್ಕೆ ಒಬ್ಬ ಬಿಟ್ಟ ಮೇಲೆ ಇನ್ನೊಬ್ಬ ಅಂತ ಮೂರು ಹುಡುಗರನ್ನು ತೆಗೆದುಕೊಂಡಿದ್ದಾರೆ. ಇಂಥದ್ದನ್ನೆಲ್ಲ ಕಳೆದರೆ, ಸೇರಿ ಈಗಲೂ ಉಳಿದವರು 9. ಆ 9ರಲ್ಲಿ ಐಟಿಐ ಮಾಡಿದವರು 3.

ಇನ್ನು ಐಟಿಐ ಕಡೆ. ಸೀಟು 40, ಸೇರಿದವರು 38, ಪಾಸಾದವರು 30. ಅದರಲ್ಲಿ 12 ಜನ ಬಿಡದಿಗೋ ಮೈಸೂರಿಗೋ ಅಪ್ರೆಂಟಿಸ್ ಆಗಿ ಹೋದರು. 6 ಜನ ಡಿಪ್ಲೊಮಾ ಸೇರಿದರು. ಊರಲ್ಲೇ ಕೆಲಸ ಹುಡುಕುವವರು 12. ಈಗ ಹೋಲಿಸಬೇಕಾದದ್ದು 12 ಮತ್ತು 9. ಆ 9 ಜಾಗಕ್ಕೆ ಅಂಗಡಿಯಲ್ಲೇ ಕಲಿತ ಹುಡುಗರೂ ಪೈಪೋಟಿಯಲ್ಲಿ ಇದ್ದಾರೆ ಅನ್ನುವುದನ್ನೂ ಬರೆಯಬೇಕು. ನೋಡಿ, 110 ಮತ್ತು 40 ಎಲ್ಲಿ, 9 ಮತ್ತು 12 ಎಲ್ಲಿ. ಎರಡೂ ಒಂದೇ ಊರಿನ ಲೆಕ್ಕ.

ಐಟಿಐ ಕಡೆಯ ಈ ಅಂಕಿ ಸುಮ್ನೆ ಹೋಗಿ ನಿಂತರೆ ಸಿಗುವುದಿಲ್ಲ. ಹೆಡ್‌ಮಾಸ್ಟರ ಸಹಿ, ಶಾಲೆಯ ಸೀಲು ಇರುವ ಪತ್ರ ತೆಗೆದುಕೊಂಡು ಹೋಗಿ. ಎಷ್ಟು ಜನ ಸೇರಿದರು, ಎಷ್ಟು ಜನ ಪರೀಕ್ಷೆ ಬರೆದರು, ಎಷ್ಟು ಜನ ಪಾಸಾದರು, ಈ ಮೂರನ್ನು ಮಾತ್ರ ಕೇಳಿ. ಹೆಸರು ಕೇಳಬೇಡಿ, ಕೊಡುವುದೂ ಇಲ್ಲ. ಪಾಸಾದವರು ಎಲ್ಲಿಗೆ ಹೋದರು ಎನ್ನುವುದಕ್ಕೆ ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಇರುವ ಹಳೆಯ ವಿದ್ಯಾರ್ಥಿಗಳಿಂದ ಶುರು ಮಾಡಿ. ಒಬ್ಬ ಸಿಕ್ಕರೆ ಅವನ ಬ್ಯಾಚಿನ ಹತ್ತು ಜನರ ವಿಷಯ ಅವನಿಗೆ ಗೊತ್ತಿರುತ್ತದೆ. ಆದರೆ ಒಬ್ಬನ ಸ್ನೇಹಿತರನ್ನೇ ಕೇಳುತ್ತಾ ಹೋದರೆ ಕೆಲಸ ಸಿಕ್ಕವರೇ ಜಾಸ್ತಿ ಸಿಗುತ್ತಾರೆ. ಕೆಲಸ ಸಿಗದವನು ಗುಂಪಿನಿಂದ ದೂರ ಉಳಿದಿರುತ್ತಾನೆ, ಫೋನ್ ಎತ್ತುವುದಿಲ್ಲ. ಅವನನ್ನು ಹುಡುಕುವುದೇ ಕಷ್ಟದ ಕೆಲಸ, ಅವನ ಮಾತೇ ಹೆಚ್ಚು ಬೇಕಾದದ್ದು. ಸಿಗದೆ ಹೋದವರು ಎಷ್ಟು ಜನ ಅನ್ನುವುದನ್ನಾದರೂ ಬರೆಯಿರಿ.

ಫ್ಯಾಕ್ಟರಿಗಳ ವಿಷಯ ಬೇರೆ. ತೂಬಿನಕೆರೆ, ಗೆಜ್ಜಲಗೆರೆ ಕಡೆಯ ಗೇಟಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳನ್ನು ಒಳಗೆ ಬಿಡುವುದು ಕಡಿಮೆ. ಅದಕ್ಕೆ ಅಪ್ರೆಂಟಿಸ್ ಜಾಗಗಳ ಸರ್ಕಾರಿ ವೆಬ್‌ಸೈಟ್ apprenticeshipindia.gov.in ನೋಡಬಹುದು. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಒಟ್ಟು ಕೆಲಸಗಾರರ 2.5ರಿಂದ 15 ಶೇಕಡದಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು ಎಂದು ನಿಯಮ ಇದೆ. ಆದರೆ ಅಪ್ರೆಂಟಿಸ್ ಜಾಗ ಎಂದರೆ ಕಲಿಕೆಯ ಜಾಗ. ಅವಧಿ ಮುಗಿದ ಮೇಲೆ ಖಾಯಂ ಮಾಡಲೇಬೇಕು ಎಂದೇನಿಲ್ಲ. ಅದನ್ನು ಕೆಲಸದ ಕಾಲಂನಲ್ಲಿ ಸೇರಿಸದೆ ಬೇರೆ ಕಾಲಂ ಮಾಡಿ. ಜಾಹೀರಾತು ನೋಡಿ ಎಣಿಸುವವರಿಗೂ ಒಂದು ಎಚ್ಚರಿಕೆ. ಒಂದೇ ಫ್ಯಾಕ್ಟರಿಯ ಹತ್ತು ಜಾಗಕ್ಕೆ ಮೂರು ಏಜೆನ್ಸಿಗಳು ಮೂರು ಜಾಹೀರಾತು ಹಾಕಿದ್ದರೆ, ಅದು ಮೂವತ್ತಾಗಿ ಕಾಣುತ್ತದೆ.

ಎಣಿಕೆ ಆಯಿತು. ನನಗೆ ಇದಕ್ಕಿಂತ ಹೆಚ್ಚು ಬೆಲೆ ಇರುವುದು ಎರಡನೇ ಭಾಗ. ಐಟಿಐ ಹುಡುಗ ಆ 9ರಲ್ಲಿ 3 ಮಾತ್ರ ಯಾಕೆ? ಇದಕ್ಕೆ ಉತ್ತರ ಅಂಗಡಿಯವರು ಮಾಡಿದ ಕೆಲಸಗಳ ಪಟ್ಟಿಯಲ್ಲಿದೆ. ಅಂಗಡಿಯವರನ್ನು ‘ಐಟಿಐ ಹುಡುಗರು ಹೇಗೆ?’ ಎಂದು ಕೇಳಿದರೆ ಅಭಿಪ್ರಾಯ ಸಿಗುತ್ತದೆ. ಅದರ ಬದಲು, ‘ಕೊನೆಯದಾಗಿ ಮಾಡಿದ ಹತ್ತು ಕೆಲಸ ಏನೇನು?’ ಎಂದು ಕೇಳಿ ಬರೆದುಕೊಳ್ಳಿ. ಬಿಲ್ ಪುಸ್ತಕ ಇದ್ದರೆ ಅವರೇ ತೋರಿಸುತ್ತಾರೆ. ಆ ಪಟ್ಟಿಯನ್ನು ಎಡಗಡೆ ಬರೆಯಿರಿ. ಬಲಗಡೆ ಅದೇ ಕೆಲಸ ಐಟಿಐ ಪಠ್ಯದಲ್ಲಿ ಇದೆಯಾ, ಇದ್ದರೆ ವಿದ್ಯಾರ್ಥಿ ತನ್ನ ಕೈಯಾರೆ ಮಾಡಿದ್ದಾನಾ ಅಥವಾ ನೋಡಿದ್ದಾನಾ ಎಂದು ಬರೆಯಿರಿ. ಮೂರು ಗುರುತು ಸಾಕು: ಮಾಡಿದ್ದಾನೆ, ನೋಡಿದ್ದಾನೆ, ಇಲ್ಲ.

ಆ ಅಂಗಡಿಯ ಹತ್ತು ಕೆಲಸವನ್ನು ಮಕ್ಕಳು ಹಾಗೇ ಬರೆದುಕೊಂಡರು. ಅರ್ಧಕ್ಕಿಂತ ಹೆಚ್ಚು ಮೋಟಾರ್ ಸುತ್ತುವುದು. ಒಂದೆರಡು ಸ್ಟಾರ್ಟರ್ ರಿಪೇರಿ. ಉಳಿದದ್ದು ಸಬ್‌ಮರ್ಸಿಬಲ್ ಪಂಪಿನದು. ಕೊಳವೆ ಬಾವಿಯಿಂದ ಪಂಪ್ ಎತ್ತುವುದು, ಕೇಬಲ್‌ಗೆ ನೀರು ಹೋಗದ ಹಾಗೆ ಜಾಯಿಂಟ್ ಹಾಕುವುದು, ಮತ್ತೆ ಇಳಿಸುವುದು. ವೈಂಡಿಂಗ್ ನಮ್ಮ ಪಠ್ಯದಲ್ಲಿ ಇದೆ, ನಾನೇ ಕಲಿಸಿದ್ದೇನೆ. ಆದರೆ ಒಂದು ಮೋಟಾರಿನ ಸುತ್ತ ನಾಲ್ಕೈದು ಮಕ್ಕಳು ನಿಂತು ಸುತ್ತುವುದಕ್ಕೂ, ಸಂಜೆ ಒಳಗೆ ಬೇಕು ಎಂದು ರೈತ ಕಾಯುತ್ತಿರುವಾಗ ಒಬ್ಬನೇ ಸುತ್ತುವುದಕ್ಕೂ ಬಹಳ ವ್ಯತ್ಯಾಸ ಇದೆ. ನೀರಿನ ಒಳಗೆ ಓಡುವ ಮೋಟಾರಿಗೆ ಬಳಸುವ ತಂತಿಯೇ ಬೇರೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿಯದೆ ಐಟಿಐ ಮುಗಿಸಿದ ಮಕ್ಕಳಿದ್ದಾರೆ. ಇದನ್ನು ಹೇಳುವಾಗ ನನಗೂ ನೋವಾಗುತ್ತದೆ, ಆದರೆ ಪ್ರಾಜೆಕ್ಟಿನಲ್ಲಿ ಇದು ಬರಬೇಕು.

ಇದೇ ಪಟ್ಟಿಯನ್ನು ವೈರಿಂಗ್ ಕಂಟ್ರಾಕ್ಟರ್ ಹತ್ತಿರ ಮಾಡಿದರೆ ಚಿತ್ರ ಬದಲಾಗುತ್ತದೆ. ಮನೆ ವೈರಿಂಗ್, ಡಿಸ್ಟ್ರಿಬ್ಯೂಷನ್ ಬೋರ್ಡ್, ಅರ್ಥಿಂಗ್, ಯುಪಿಎಸ್, ಈಚೆಗೆ ಚಾವಣಿ ಸೋಲಾರ್. ಇಲ್ಲಿ ‘ಮಾಡಿದ್ದಾನೆ’ ಗುರುತು ಜಾಸ್ತಿ ಬೀಳುತ್ತದೆ. ಕಾಗದಕ್ಕೂ ಇಲ್ಲಿ ಬೆಲೆ ಇದೆ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡಲು ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಪರ್ಮಿಟ್ ಬೇಕಾಗುತ್ತದೆ, ಐಟಿಐ ಸರ್ಟಿಫಿಕೇಟ್ ಅದಕ್ಕೆ ದಾರಿ. ವೈಂಡಿಂಗ್ ಅಂಗಡಿಯಲ್ಲಿ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ. ಒಂದೇ ಕೋರ್ಸಿಗೆ ಒಂದು ಬೀದಿಯಲ್ಲಿ ಬೆಲೆ, ಪಕ್ಕದ ಬೀದಿಯಲ್ಲಿ ಇಲ್ಲ. ಇದೊಂದು ವಿಷಯವನ್ನು ಮಕ್ಕಳು ತಾವೇ ಕಂಡುಕೊಂಡು ಬರೆದರೆ, ಆ ಪ್ರಾಜೆಕ್ಟಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಸಂಬಳದ ಬಗ್ಗೆ ಸ್ವಲ್ಪ ಹುಷಾರಾಗಿರಿ. ಮಾಲೀಕರು ಸ್ವಲ್ಪ ಜಾಸ್ತಿ ಹೇಳುತ್ತಾರೆ, ಹುಡುಗರು ಸ್ವಲ್ಪ ಕಡಿಮೆ ಹೇಳುತ್ತಾರೆ. ಇಬ್ಬರನ್ನೂ ಕೇಳಿ, ಎರಡನ್ನೂ ಬರೆಯಿರಿ. ಸರಾಸರಿ ಬೇಡ, ಇಷ್ಟರಿಂದ ಇಷ್ಟು ಎಂದು ಬರೆದರೆ ಸಾಕು. ದಿನಗೂಲಿಯಾ, ತಿಂಗಳ ಸಂಬಳವಾ, ಮೋಟಾರಿಗೆ ಇಷ್ಟು ಅಂತಲಾ ಎಂಬುದನ್ನು ಮಾತ್ರ ಬಿಡಬೇಡಿ.

ಕೊನೆಯ ಪುಟದಲ್ಲಿ ‘ಮಂಡ್ಯ ಜಿಲ್ಲೆಯಲ್ಲಿ ಎಲೆಕ್ಟ್ರಿಷಿಯನ್‌ಗಳಿಗೆ ಅಪಾರ ಬೇಡಿಕೆ ಇದೆ’ ಎಂದು ಬರೆಯಬೇಡಿ. ‘ನಾವು ಮಾರ್ಚ್ ತಿಂಗಳಲ್ಲಿ ಹೋದ 30 ಕಡೆ, ಒಂದು ವರ್ಷದಲ್ಲಿ ಇಷ್ಟು ಜನ ಸೇರಿದ್ದಾರೆ, ಇಷ್ಟು ಜನ ಉಳಿದಿದ್ದಾರೆ’ ಎಂದು ಬರೆಯಿರಿ. ಅಷ್ಟೇ ನಿಮಗೆ ಗೊತ್ತಿರುವುದು. ಮುಚ್ಚಿಹೋದ ಅಂಗಡಿಗಳನ್ನು ನೀವು ಕೇಳಿಲ್ಲ. ಅಂಗಡಿಯೇ ಇಲ್ಲದೆ ಬೈಕಿನಲ್ಲಿ ಟೂಲ್ ಬ್ಯಾಗ್ ಇಟ್ಟುಕೊಂಡು ಮನೆ ಮನೆಗೆ ಹೋಗುವವರನ್ನೂ ಎಣಿಸಿಲ್ಲ. ಈ ಎರಡನ್ನೂ ಬರೆಯುವುದರಿಂದ ಪ್ರಾಜೆಕ್ಟಿನ ತೂಕ ಹೆಚ್ಚುತ್ತದೆ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಎದ್ದು ನಿಂತು ಕೇಳಿದರು, ‘ಸಾರ್, ಲೆಕ್ಕದಲ್ಲಿ ಕೆಲಸ ಕಮ್ಮಿ ಅಂತ ಬಂದ್ರೆ ನಮ್ಮ ಹುಡುಗನ್ನ ಸೇರಿಸಬಾರದಾ?’ ಹಾಗಲ್ಲಮ್ಮ, ಅಂದೆ. ಹುಡುಗ ಊರಲ್ಲೇ ಇರಬೇಕು ಅಂತಿದ್ದರೆ, ಸೇರುವ ಮೊದಲೇ ಒಂದು ವಿಷಯ ಗೊತ್ತಿರಲಿ. ಎರಡನೇ ವರ್ಷದಲ್ಲಿ ವಾರಕ್ಕೆ ಒಂದು ದಿನ, ಬೇಸಿಗೆ ರಜೆ ಪೂರ್ತಿ, ಯಾವುದಾದರೂ ವೈಂಡಿಂಗ್ ಅಂಗಡಿಯಲ್ಲಿ ಕೂರಬೇಕು. ಪಟ್ಟಿಯಲ್ಲಿ ‘ನೋಡಿದ್ದಾನೆ’ ಅಂತ ಇರುವುದೆಲ್ಲ ‘ಮಾಡಿದ್ದಾನೆ’ ಆಗಬೇಕು. ಹೊರಗೆ ಹೋಗುವ ಮನಸ್ಸಿದ್ದರೆ ಅಪ್ರೆಂಟಿಸ್ ಕಡೆ ನೋಡಿ, ಆಗ ಈ 9 ಮತ್ತು 12ರ ಲೆಕ್ಕ ಅವನಿಗೆ ಅಷ್ಟಾಗಿ ತಾಗುವುದಿಲ್ಲ. ಆಕೆ ಪಕ್ಕದಲ್ಲಿ ಕೂತಿದ್ದ ಮಗನ ಕಡೆ ತಿರುಗಿ, ‘ಬರ್ಕೊಂಡ್ಯಾ?’ ಅಂದರು. ಅವನು ಬರೆದುಕೊಂಡಿದ್ದ.

ಶಿಕ್ಷಕರೊಬ್ಬರು ಬೇರೆ ಟಾಪಿಕ್ ಕೇಳಿದರು. ಅಚ್ಚು ಇದೇ, ಒಳಗಿನ ಕೆಲಸ ಬದಲಾಯಿಸಿ ಅಂದೆ. ಬೈಕ್ ಮೆಕ್ಯಾನಿಕ್ ತೆಗೆದುಕೊಳ್ಳಿ, ಹತ್ತು ಗ್ಯಾರೇಜಿನ ಕೊನೆಯ ಹತ್ತು ಗಾಡಿಗಳಲ್ಲಿ ಎಲೆಕ್ಟ್ರಿಕ್ ಎಷ್ಟು ಅಂತ ನೋಡಿ. ಮದ್ದೂರಿನ ಮಕ್ಕಳಾದರೆ ಹೊಲಿಗೆ ಕೋರ್ಸ್ ಮತ್ತು ಗಾರ್ಮೆಂಟ್ಸ್: ಕೋರ್ಸಿನಲ್ಲಿ ಇಡೀ ಬ್ಲೌಸ್ ಹೊಲಿಯಲು ಕಲಿಸುತ್ತಾರೆ, ಲೈನಿನಲ್ಲಿ ದಿನವಿಡೀ ಕಾಲರ್ ಒಂದನ್ನೇ ಹೊಲಿಯಬೇಕು.

ನಾವು ಹೋಗಿದ್ದ ಅಂಗಡಿಗೆ ಮಕ್ಕಳು ಪ್ರಾಜೆಕ್ಟ್ ಮುಗಿದ ಮೇಲೆ ಇನ್ನೊಮ್ಮೆ ಹೋದರು. ತಮ್ಮ ಪಟ್ಟಿಯ ಒಂದು ಜೆರಾಕ್ಸ್ ಕೊಟ್ಟು ಬಂದರು. ಮಾಲೀಕರು ಅದನ್ನು ನಿಧಾನವಾಗಿ ಓದಿ, ಪೆನ್ನು ಕೇಳಿ ತೆಗೆದುಕೊಂಡು, ಮಕ್ಕಳು ಬಿಟ್ಟಿದ್ದ ಒಂದು ಕೆಲಸವನ್ನು ಕೆಳಗೆ ಸೇರಿಸಿದರು: ‘ಪ್ಯಾನೆಲ್ ಬೋರ್ಡ್ ವೈರಿಂಗ್, ಹುಡುಗಿಯರೂ ಬರಬಹುದು’.